ಮೂವತ್ತನಾಲ್ಕು ಪದದಿಂದ ಮೂರಕ್ಕೆ: ಒಂದು ಅಡಿಬರಹ ಬಿಗಿ ಮಾಡಿದ ಕತೆ, ಮಾಡುವ ಕ್ರಮ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಅಂಗಡಿ. ಲೇಬಲ್, ಬೋರ್ಡು, ಮದುವೆ ಕಾಗದ, ರಶೀದಿ ಪುಸ್ತಕ ಎಲ್ಲ ಮಾಡಿಕೊಡುತ್ತೇನೆ. ಒಂದು ದಿನ ನೀರ್ಚಾಲು ಕಡೆಯಿಂದ ಪರಿಚಯದ ಭಾವ ಒಬ್ಬರು ಬಂದರು. ನಾಲ್ಕು ವರ್ಷದ ಹಿಂದೆ ಮನೆ ಹತ್ತಿರ ಗಾಣ ಹಾಕಿದವರು. ಅರ್ಧ ಲೀಟರಿನ ತೆಂಗಿನೆಣ್ಣೆ ಬಾಟ್ಲಿಗೆ ಹೊಸ ಲೇಬಲ್ ಬೇಕಿತ್ತು. ಹೆಸರಿನ ಕೆಳಗೆ ಹಾಕಲಿಕ್ಕೆ ಒಂದು ಸಾಲು ಬರೆದು ತಂದಿದ್ದೇನೆ ಎಂದು ಬಿಲ್ಲಿನ ಹಿಂಬದಿ ತೋರಿಸಿದರು. ಅದರಲ್ಲಿದ್ದದ್ದು ಹೀಗೆ:

"ನಮ್ಮ ತೋಟದಲ್ಲೇ ಬೆಳೆದ ಉತ್ತಮ ಗುಣಮಟ್ಟದ ತೆಂಗಿನಕಾಯಿಗಳನ್ನು ಆರಿಸಿ, ಹೊಗೆ ಮತ್ತು ಗಂಧಕ ಬಳಸದೆ ಬಿಸಿಲಿನಲ್ಲಿ ಒಣಗಿಸಿ, ಮರದ ಗಾಣದಲ್ಲಿ ಸಾಂಪ್ರದಾಯಿಕ ರೀತಿಯಲ್ಲಿ ತೆಗೆದ, ಯಾವುದೇ ರಾಸಾಯನಿಕ ಬೆರೆಸದ, ಅಡುಗೆಗೂ ತಲೆಗೂ ಮಕ್ಕಳ ಮೈಗೂ ಯೋಗ್ಯವಾದ ಶುದ್ಧ ತೆಂಗಿನೆಣ್ಣೆಯನ್ನು ನಿಮ್ಮ ಮನೆ ಬಾಗಿಲಿಗೆ ತಲುಪಿಸುವುದೇ ನಮ್ಮ ಗುರಿ."

ಮೂವತ್ತನಾಲ್ಕು ಪದ. ಓದಿ ಮುಗಿಸುವಷ್ಟರಲ್ಲಿ ಮೊದಲಿನ ತೋಟ ಮರೆತುಹೋಗಿರುತ್ತದೆ. ಆದರೆ ಇಂಥ ಸಾಲನ್ನು ನಾನು ಯಾವತ್ತೂ ನಗಾಡುವುದಿಲ್ಲ. ಬೇಕಾದ ಸಾಮಾನೆಲ್ಲ ಅದರಲ್ಲೇ ಇರುತ್ತದೆ. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಗೊತ್ತಾಗದೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿರುತ್ತಾರೆ, ಅಷ್ಟೆ. ಆ ಚೀಲ ಬಿಚ್ಚಿ ಮೂರು ಪದಕ್ಕೆ ಇಳಿಸಲಿಕ್ಕೆ ನಮಗೆ ಮೂರು ವಾರ ಬೇಕಾಯಿತು. ಹೇಗೆ ಮಾಡಿದೆವು, ಎಲ್ಲಿ ತಪ್ಪಿದೆವು ಎಂದು ಕ್ರಮವಾಗಿ ಹೇಳುತ್ತೇನೆ.

ಮೊದಲು ಚೀಟಿ ಮಾಡಿ

ಉದ್ದ ಸಾಲನ್ನು ನೇರವಾಗಿ ಕತ್ತರಿಸಲು ಹೋಗಬೇಡಿ. ಹಾಗೆ ಮಾಡಿದರೆ 34 ಪದ 20 ಆಗುತ್ತದೆ, 20 ಪದ 12 ಆಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಸಿಗುವುದು ಅದೇ ಸಾಲಿನ ಬಡಕಲು ರೂಪ.

ಬದಲಿಗೆ ಸಾಲನ್ನು ಬಿಡಿ ಮಾತುಗಳಾಗಿ ಒಡೆಯಿರಿ. ಒಂದು ಮಾತಿಗೆ ಒಂದು ಚೀಟಿ. ನಮಗೆ ಹತ್ತು ಚೀಟಿ ಸಿಕ್ಕಿತು: ಸ್ವಂತ ತೋಟದ ಕಾಯಿ, ಆರಿಸಿದ ಕಾಯಿ, ಹೊಗೆ-ಗಂಧಕ ಇಲ್ಲ, ಬಿಸಿಲಿಗೆ ಒಣಗಿಸಿದ್ದು, ಮರದ ಗಾಣ, ಸಾಂಪ್ರದಾಯಿಕ, ರಾಸಾಯನಿಕ ಇಲ್ಲ, ಅಡುಗೆಗೂ ತಲೆಗೂ ಮೈಗೂ ಆಗುತ್ತದೆ, ಶುದ್ಧ, ಮನೆ ಬಾಗಿಲಿಗೆ ಬರುತ್ತದೆ. ಕೊನೆಯ "ನಮ್ಮ ಗುರಿ" ಎನ್ನುವುದಕ್ಕೆ ಚೀಟಿ ಇಲ್ಲ. ಅದು ವಾಕ್ಯ ಮುಗಿಸಲಿಕ್ಕೆ ಬಂದ ಮಾತು. ಗುರಿ ಇಟ್ಟುಕೊಂಡು ಕೊಳ್ಳುವವರಿಗೆ ಎಂತ ಉಪಯೋಗ?

ಚೀಟಿಗಳನ್ನು ಮೇಜಿನ ಮೇಲೆ ಹರಡಿದರೆ ಇನ್ನೊಂದು ಲಾಭ ಉಂಟು. ಮಾಲಿಕರಿಗೆ ತಮ್ಮ ಮಾತನ್ನು ಯಾರೋ ಕಿತ್ತು ಬಿಸಾಡುತ್ತಿದ್ದಾರೆ ಎಂದು ಅನಿಸುವುದಿಲ್ಲ. ಎಲ್ಲ ಅಲ್ಲೇ ಇದೆ. ಯಾವುದನ್ನು ಎಲ್ಲಿ ಇಡುವುದು ಎಂಬುದಷ್ಟೇ ಚರ್ಚೆ.

ಪಕ್ಕದ ಬಾಟ್ಲಿಯ ಪರೀಕ್ಷೆ

ಈಗ ಪ್ರತಿ ಚೀಟಿಗೂ ಒಂದು ಪ್ರಶ್ನೆ: ಇದೇ ಮಾತನ್ನು ಅಂಗಡಿಯಲ್ಲಿ ಪಕ್ಕದಲ್ಲಿ ನಿಂತ ಬಾಟ್ಲಿಯ ಮೇಲೆ ಬರೆದರೆ ಯಾರಿಗಾದರೂ ತಪ್ಪು ಅನಿಸುತ್ತದಾ? ಅನಿಸುವುದಿಲ್ಲ ಎಂದಾದರೆ ಆ ಚೀಟಿ ಅಡಿಬರಹಕ್ಕೆ ಆಗುವುದಿಲ್ಲ.

ಇದನ್ನು ಕೂತಲ್ಲಿ ಊಹೆ ಮಾಡಬಾರದು. ನಾನು ಪೇಟೆಯ ಒಂದು ಜೀನಸಿ ಅಂಗಡಿಗೆ ಹೋಗಿ ಎಣ್ಣೆಯ ಸಾಲಿನ ಎದುರು ನಿಂತು, ಇದ್ದ ಬಾಟ್ಲಿಗಳ ಮೇಲಿನ ಮಾತನ್ನೆಲ್ಲ ಬರೆದುಕೊಂಡೆ. ಕನ್ನಡ, ಮಲಯಾಳ ಎರಡರಲ್ಲೂ. "ಶುದ್ಧ" ಎಲ್ಲದರಲ್ಲೂ ಇತ್ತು. "ರಾಸಾಯನಿಕ ಇಲ್ಲ" ಮುಕ್ಕಾಲು ಪಾಲಿನಲ್ಲಿ. "ಮರದ ಗಾಣ" ಮತ್ತು ಮಲಯಾಳದಲ್ಲಿ ಅದೇ ಅರ್ಥದ "ಚಕ್ಕಿಲಾಟ್ಟಿಯ" ಸೇರಿ ಆರು ಬಾಟ್ಲಿಯಲ್ಲಿ. ಭಾವನಿಗೆ ಇದು ಬೇಜಾರಾಯಿತು. ಗಾಣಕ್ಕೇ ಅವರು ದುಡ್ಡು ಸುರಿದದ್ದು. ಆದರೆ ಮಾತು ನಿಜವಾಗಿದ್ದರೆ ಸಾಲದು. ಆರು ಜನ ಹೇಳಿ ಆಗಿದ್ದರೆ ಏಳನೆಯವರ ಮಾತು ಕಿವಿಗೆ ಬೀಳುವುದಿಲ್ಲ.

ಆರಿಸಿದ ಕಾಯಿ, ಶುದ್ಧ, ರಾಸಾಯನಿಕ ಇಲ್ಲ, ಮರದ ಗಾಣ. ನಾಲ್ಕು ಚೀಟಿ ಬದಿಗೆ ಹೋಯಿತು.

ವರ್ಷವಿಡೀ ನಿಜವಾ?

ಉಳಿದ ಆರನ್ನು ಸತ್ಯಕ್ಕೆ ಒಡ್ಡಬೇಕು. ಮಾಲಿಕರ ಹತ್ತಿರ "ಇದು ನಿಜವಾ?" ಎಂದು ಕೇಳಬೇಡಿ. "ನಿಜ" ಎಂದೇ ಹೇಳುತ್ತಾರೆ. "ಇದು ಯಾವಾಗ ನಿಜ ಅಲ್ಲ?" ಎಂದು ಕೇಳಿ.

ಸ್ವಂತ ತೋಟದ ಕಾಯಿ? ಅರ್ಧದಷ್ಟು ನೆರೆಕರೆಯವರಿಂದ ತೆಗೆದುಕೊಳ್ಳುತ್ತಾರೆ. ಹೋಯಿತು. ಮನೆ ಬಾಗಿಲಿಗೆ? ಕುಂಬಳೆಯಿಂದ ಮುಳ್ಳೇರಿಯದವರೆಗೆ ಅಂಗಡಿಗಳಿಗೆ ಹಾಕುತ್ತಾರೆ, ಮನೆಗಲ್ಲ. ಹೋಯಿತು. ಸಾಂಪ್ರದಾಯಿಕ? ಇಲ್ಲಿ ಕಾನೂನೂ ಬಂತು. ಆಹಾರದ ಜಾಹೀರಾತಿಗೆ, ಲೇಬಲ್ಲಿನ ಮೇಲಿನ ಹೇಳಿಕೆಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ನಿಯಮ ಮಾಡಿದೆ. ಶುದ್ಧ, ತಾಜಾ, ಸಾಂಪ್ರದಾಯಿಕ ಇಂಥ ಪದಗಳನ್ನು ಯಾವಾಗ ಹಾಕಬಹುದು ಎಂದು ಅದರಲ್ಲಿ ಷರತ್ತು ಉಂಟು. ಸಾಂಪ್ರದಾಯಿಕ ಎನ್ನಬೇಕಾದರೆ ಆ ತಯಾರಿಯ ಕ್ರಮ ತಲೆಮಾರುಗಳಿಂದ ಹೆಚ್ಚು ಕಡಿಮೆ ಹಾಗೆಯೇ ನಡೆದುಬಂದಿರಬೇಕು. ಗಾಣದ ಕ್ರಮ ಹಳತೇ. ಆದರೆ ಎತ್ತಿನ ಬದಲು ಮೋಟಾರು ಹಾಕಿದ ನಾಲ್ಕು ವರ್ಷದ ಗಾಣಕ್ಕೆ ಆ ಪದ ಹಾಕಿ ವಾದ ಮಾಡುತ್ತಾ ಕೂರುವುದು ಯಾಕೆ? "ಶುದ್ಧ" ಪದಕ್ಕೂ ಷರತ್ತು ಉಂಟು. ಒಂದೇ ವಸ್ತು ಇರಬೇಕು, ಬೇರೆ ಏನೂ ಬೆರೆತಿರಬಾರದು.

ಅಡುಗೆಗೂ ತಲೆಗೂ ಎನ್ನುವುದು ಇನ್ನೂ ಅಪಾಯ. ತಿನ್ನುವ ಎಣ್ಣೆ ಎಂದು ಪರವಾನಗಿ ತೆಗೆದ ಬಾಟ್ಲಿಯ ಮೇಲೆ ಕೂದಲಿಗೆ, ಮಗುವಿನ ಮೈಗೆ ಎಂದು ಬರೆದರೆ ಅದು ಸೌಂದರ್ಯ ಸಾಮಗ್ರಿಯ ಸಾಲಿಗೆ ಹೋಗುತ್ತದೆ. ಅದರ ಕಾನೂನೇ ಬೇರೆ. ನಮ್ಮ ಮನೆಗಳಲ್ಲಿ ಒಂದೇ ಎಣ್ಣೆ ದೋಸೆ ಕಾವಲಿಗೂ ತಲೆಗೂ ಆಗುತ್ತದೆ ಎಂಬುದು ನಿಜ. ಆದರೆ ಅದನ್ನು ಲೇಬಲ್ ಹೇಳಬೇಕಾಗಿಲ್ಲ, ಅಮ್ಮ ಹೇಳಿರುತ್ತಾಳೆ.

ಮೇಜಿನ ಮೇಲೆ ಉಳಿದದ್ದು ಎರಡೇ ಚೀಟಿ: ಹೊಗೆ-ಗಂಧಕ ಇಲ್ಲ, ಬಿಸಿಲಿಗೆ ಒಣಗಿಸಿದ್ದು. ನೋಡಿದರೆ ಎರಡೂ ಒಂದೇ ಮಾತಿನ ಹಿಂದು-ಮುಂದು. ಹಸಿ ಕಾಯಿಯ ತಿರುಳಿನಲ್ಲಿ ಅರ್ಧದಷ್ಟು ನೀರು. ಗಾಣಕ್ಕೆ ಹಾಕಬೇಕಾದರೆ ಅದು ಶೇಕಡಾ ಆರರ ಆಸುಪಾಸಿಗೆ ಇಳಿಯಬೇಕು. ಒಳ್ಳೆ ಬಿಸಿಲಿದ್ದರೆ ಇದಕ್ಕೆ ಸುಮಾರು ಒಂದು ವಾರ. ಬಿಸಿಲಿಲ್ಲದವರು ಅಟ್ಟದ ಕೆಳಗೆ ಚಿಪ್ಪಿನ ಬೆಂಕಿ ಹಾಕಿ ಒಣಗಿಸುತ್ತಾರೆ, ಆಗ ಕೊಪ್ಪರಕ್ಕೆ ಹೊಗೆಯ ವಾಸನೆ ಹಿಡಿಯುತ್ತದೆ. ಬೂಷ್ಟು ಬಾರದಿರಲಿ, ಬಣ್ಣ ಬೆಳ್ಳಗಿರಲಿ ಎಂದು ಗಂಧಕದ ಹೊಗೆ ಕೊಡುವವರೂ ಇದ್ದಾರೆ. ಭಾವ ಎರಡನ್ನೂ ಮಾಡುವುದಿಲ್ಲ.

ಅಲ್ಲಿ ನಾನು ಕೇಳಬೇಕಾದ ಪ್ರಶ್ನೆ ಕೇಳಿದೆ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರು ಮೀರಿ ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ.

"ಭಾವ, ಆಟಿ ತಿಂಗಳ ಮಳೆಯಲ್ಲಿ ಎಂತ ಮಾಡುತ್ತೀರಿ? ಬಿಸಿಲೆಲ್ಲಿ?"

"ಎಂತ ಮಾಡುವುದು ಮಾರಾಯ್ರೆ? ಮಳೆಗಾಲದಲ್ಲಿ ಗಾಣಕ್ಕೆ ರಜೆ. ಜೂನ್‌ಗೆ ಮೊದಲು ತೆಗೆದ ಎಣ್ಣೆ ಇದ್ದಷ್ಟು ದಿನ ಕೊಡುವುದು. ಮುಗಿದರೆ ಇಲ್ಲ."

ನಾನು ಪುಸ್ತಕದಲ್ಲಿ "ಬಿಸಿಲು: ಸರಿ, ನಿಜ" ಎಂದು ಬರೆದುಕೊಂಡು ಮುಂದೆ ಹೋದೆ. ಅವರ ಮಾತನ್ನೂ ಹಾಗೆಯೇ ಕೆಳಗೆ ಬರೆದಿದ್ದೆ, ಅಭ್ಯಾಸಬಲ. ಆದರೆ ಎರಡು ವಾರ ಅದನ್ನು ತಿರುಗಿ ನೋಡಲಿಲ್ಲ.

ಪದ ಲೆಕ್ಕ ಬೇಡ, ಅಕ್ಷರ ಎಣಿಸಿ

"ಅಡಿಬರಹ ಐದು ಪದದೊಳಗೆ ಇರಬೇಕು" ಎನ್ನುವ ಮಾತು ಕನ್ನಡಕ್ಕೆ ಅಷ್ಟೊಂದು ಹೊಂದುವುದಿಲ್ಲ. ನಮ್ಮಲ್ಲಿ "ಒಣಗಿಸಿಟ್ಟುಕೊಂಡದ್ದರಿಂದ" ಎನ್ನುವುದು ಒಂದೇ ಪದ! ಪ್ರತ್ಯಯ ಅಂಟಿಸುತ್ತಾ ಹೋದರೆ ಎರಡು ಪದದಲ್ಲೂ ಉಸಿರು ಕಟ್ಟಿಸಬಹುದು. ಹಾಗಾಗಿ ನಾನು ಅಕ್ಷರ ಎಣಿಸುತ್ತೇನೆ, ಒತ್ತಕ್ಷರವೂ ಸೇರಿ ಒಂದೊಂದು ಉಚ್ಚಾರಕ್ಕೆ ಒಂದು.

ಗಾದೆಗಳನ್ನು ಎಣಿಸಿ ನೋಡಿ. "ಕೈ ಕೆಸರಾದರೆ ಬಾಯಿ ಮೊಸರು" ಹನ್ನೊಂದು ಅಕ್ಷರ. "ಮಾತು ಬೆಳ್ಳಿ, ಮೌನ ಬಂಗಾರ" ಒಂಬತ್ತು. ಬರೆದಿಟ್ಟುಕೊಳ್ಳದೆ ಬಾಯಿಂದ ಬಾಯಿಗೆ ಬಂದ ಮಾತುಗಳು ಇವು. ಹನ್ನೆರಡು ಅಕ್ಷರದೊಳಗೆ ಬಂದರೆ ಕನ್ನಡದ ಬಾಯಿ ಸುಲಭವಾಗಿ ಹೊರುತ್ತದೆ ಎಂಬುದು ನನ್ನ ಲೆಕ್ಕ. ಶಾಸ್ತ್ರವಲ್ಲ, ಅನುಭವ.

ಗಾದೆಯಿಂದ ಕಲಿಯಬೇಕಾದ ಬೇರೆ ಎರಡು ಸಂಗತಿ ಉಂಟು. ಒಂದು, ಕೊನೆಯಲ್ಲಿ ಕ್ರಿಯಾಪದ ಇಲ್ಲ. "ಬಾಯಿ ಮೊಸರಾಗುತ್ತದೆ" ಎಂದು ಯಾರೂ ಹೇಳುವುದಿಲ್ಲ. ಕನ್ನಡ ವಾಕ್ಯಕ್ಕೆ "ಆಗಿದೆ", "ಇರುತ್ತದೆ" ಇಲ್ಲದೆಯೂ ನಿಲ್ಲುವ ಶಕ್ತಿ ಇದೆ. ಅಡಿಬರಹದಲ್ಲಿ ಮೊದಲು ಕತ್ತರಿಸಬೇಕಾದದ್ದು ಈ ಬಾಲ. ಎರಡು, ಕೆಸರು-ಮೊಸರು ಎಂದು ಪದದ ಎರಡನೇ ಅಕ್ಷರದಿಂದ ಒಂದೇ ಸದ್ದು. ಹಳಗನ್ನಡ ಕಾವ್ಯದಲ್ಲಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಇಡುತ್ತಿದ್ದರಲ್ಲ, ಆ ಕಿವಿ ನಮಗೆ ಈಗಲೂ ಇದೆ. ಸಾಲಿನ ಕೊನೆಯಲ್ಲಿ ಪ್ರಾಸ ಬರಲೇಬೇಕೆಂದು ಒದ್ದಾಡುವವರು ಇದನ್ನು ಮರೆಯುತ್ತಾರೆ.

ಮೂವತ್ತು ಸಾಲು ಬರೆದು ಇಪ್ಪತ್ತೊಂಬತ್ತನ್ನು ಕೊಲ್ಲುವುದು

ಒಂದು ಚೀಟಿ ಕೈಗೆ ಬಂದ ಮೇಲೆ ಸಾಲು ಬರೆಯಲು ಕೂತುಕೊಳ್ಳಿ. ಒಂದೇ ಸಾಲನ್ನು ತಿದ್ದುತ್ತಾ ಕೂರಬೇಡಿ, ಬೇರೆ ಬೇರೆ ಸಾಲು ಬರೆಯಿರಿ. ಮೊದಲಿನ ಹತ್ತು ಯಾರಿಗೂ ಹೊಳೆಯುವಂಥವು. ಅವು ಹೊರಗೆ ಬಂದರೆ ಮಾತ್ರ ಒಳಗಿನವು ಬರುತ್ತವೆ. ನನ್ನ ಮೂವತ್ತರಲ್ಲಿ ನಾಲ್ಕರ ಕತೆ ಹೇಳುತ್ತೇನೆ. ಯಾಕೆ ಬಿದ್ದವು ಎನ್ನುವುದರಲ್ಲೇ ಕೆಲಸದ ಗುಟ್ಟು ಇರುವುದು.

"ಬಿಸಿಲಿನ ಎಣ್ಣೆ." ಬರೆದಾಗ ನನಗೆ ಕುಣಿಯುವಷ್ಟು ಖುಷಿ. ಆರೇ ಅಕ್ಷರ. ಮನೆಯಲ್ಲಿ ಹೇಳಿದೆ. "ಸೂರ್ಯಕಾಂತಿ ಎಣ್ಣೆಯಾ?" ಎಂದು ಪ್ರಶ್ನೆ ಬಂತು. ಮುಗಿಯಿತು.

"ಬಿಸಿಲು ಕಂಡ ಎಣ್ಣೆ." ಇದಕ್ಕೆ ಭಾವನೇ ತಲೆ ಆಡಿಸಿದರು. ಬಿಸಿಲು ಕಾಣಬೇಕಾದದ್ದು ಕೊಪ್ಪರ. ಎಣ್ಣೆ ಬಿಸಿಲಿಗೆ ಸಿಕ್ಕಿದರೆ ಕಮಟು ವಾಸನೆ ಬರುತ್ತದೆ. ಅಂಗಡಿಯವರಿಗೆ ಬಾಟ್ಲಿಯನ್ನು ಬಿಸಿಲಿಗೆ ಇಡಬೇಡಿ ಎಂದು ಅವರೇ ಹೇಳುತ್ತಿರುತ್ತಾರೆ. ಚಂದಕ್ಕಾಗಿ ಪದ ತಿರುಚಿದರೆ ಕಸುಬಿನವರು ಮೊದಲು ಹಿಡಿಯುತ್ತಾರೆ. ಆದ್ದರಿಂದ ಸಾಲನ್ನು ಕಸುಬು ಗೊತ್ತಿರುವ ಒಬ್ಬರಿಗಾದರೂ ತೋರಿಸಲೇಬೇಕು.

"ಹೊಗೆಯಿಲ್ಲ, ಬಿಸಿಲೇ ಎಲ್ಲ." ಇಲ್ಲ-ಎಲ್ಲ ಎಂದು ಪ್ರಾಸ ಸರಿಯಾಗಿ ಕೂತಿದೆ. ಆದರೆ ಮೊದಲ ಪದವೇ ಹೊಗೆ. ಮರುದಿನ ಕೇಳಿದರೆ ಇಬ್ಬರು "ಹೊಗೆಯ ಎಣ್ಣೆ ಅಲ್ವಾ?" ಎಂದರು. ಇಲ್ಲ ಎಂಬ ಪದ ಮರೆತುಹೋಗುತ್ತದೆ, ಯಾವುದು ಇಲ್ಲ ಎಂದಿರೋ ಅದು ಉಳಿಯುತ್ತದೆ. ಬೇಡದ ವಸ್ತುವಿನ ಹೆಸರನ್ನು ಅಡಿಬರಹದಲ್ಲಿ ಎತ್ತಲೇಬಾರದು.

"ಬಿಸಿಲಿದ್ದರೇ ಎಣ್ಣೆ." ಇದು ನನಗೆ ಈಗಲೂ ಇಷ್ಟ. ಗಾದೆಯ ಅಚ್ಚು, ಏಳು ಅಕ್ಷರ. "ಮಾತ್ರ", "ಮಾತ್ರವೇ" ಎಂದು ಉದ್ದ ಪದ ಹಾಕದೆ ರೆ ಎಂಬುದನ್ನು ರೇ ಎಂದು ಎಳೆದರೆ ಸಾಕು, ಬಿಸಿಲಿಲ್ಲದಿದ್ದರೆ ಇಲ್ಲ ಎಂಬ ಅರ್ಥ ಬಂತು. ತೊಂದರೆ ಫೋನಿನಲ್ಲಿ ಗೊತ್ತಾಯಿತು. ರೇ ಆದ ಕೂಡಲೇ ಎ ಬರುತ್ತದೆ. ಎರಡು ಸ್ವರ ಒಂದರ ಹಿಂದೆ ಒಂದು. ಬೇಗ ಹೇಳಿದರೆ "ಬಿಸಿಲಿದ್ದರೆಣ್ಣೆ" ಆಗುತ್ತದೆ. ಎಳೆತ ಹೋಯಿತು, ಅದರ ಜೊತೆ ಅರ್ಥವೂ ಹೋಯಿತು. ಎಣ್ಣೆಯ ಬದಲು ಗಾಣ ಹಾಕಿ "ಬಿಸಿಲಿದ್ದರೇ ಗಾಣ" ಎಂದು ಮಾಡಿದೆ. ಉಚ್ಚಾರ ಸರಿಯಾಯಿತು. ಕೇಳಿದ ಒಂಬತ್ತು ಜನರಲ್ಲಿ ಇಬ್ಬರು "ಸೋಲಾರಿನಲ್ಲಿ ತಿರುಗುವುದಾ?" ಎಂದು ಕೇಳಿದರು.

ನಾನು ಪುಸ್ತಕ ಮುಚ್ಚಿ ಚಹಾ ಕುಡಿಯಲು ಹೋದೆ.

ಬಾಯಲ್ಲಿ ಬಂದದ್ದನ್ನು ನೋಡಿ

ಅಂಗಡಿಯಲ್ಲಿ ನನ್ನ ಜೊತೆ ಕೆಲಸಕ್ಕೆ ಇರುವ ಹುಡುಗ ಭಾವ ಮಾತಾಡುವಾಗ ಬದಿಯಲ್ಲೇ ಕೂತು ಲೇಬಲ್ ಕತ್ತರಿಸುತ್ತಿದ್ದ. ಎರಡು ವಾರದ ನಂತರ ಯಾರೋ ಗಿರಾಕಿ ಆ ಎಣ್ಣೆ ಬಗ್ಗೆ ಕೇಳಿದಾಗ ಅವನು ಹೇಳಿದ್ದು ಹೀಗೆ: "ಅದಾ? ಅವರದ್ದು ಮಳೆಗಾಲ ಗಾಣಕ್ಕೆ ರಜೆ."

ಗಿರಾಕಿ ನಕ್ಕರು. ನಾನು ಪುಸ್ತಕ ತೆಗೆದು ಹಿಂದಿನ ಪುಟ ನೋಡಿದೆ. ಭಾವ ಹೇಳಿದ್ದು "ಮಳೆಗಾಲದಲ್ಲಿ ಗಾಣಕ್ಕೆ ರಜೆ", ಹನ್ನೊಂದು ಅಕ್ಷರ. ಹುಡುಗನ ನೆನಪು "ದಲ್ಲಿ" ಎಂಬುದನ್ನು ಉದುರಿಸಿ ಒಂಬತ್ತಕ್ಕೆ ತಂದಿತ್ತು. ಉದುರಿದ ಕೂಡಲೇ ಗಾಲ, ಗಾಣ ಎರಡೂ ಪಕ್ಕಪಕ್ಕ ಬಂದು ಕೂತವು. ಮಳೆ-ಗಾಲ-ಗಾಣ. ನಾನು ಹದಿನೈದು ದಿನ ಹುಡುಕಿದ ಸದ್ದು ಒಂದು ಪ್ರತ್ಯಯದ ಕೆಳಗೆ ಅಡಗಿತ್ತು.

ಇದರಿಂದ ನನ್ನ ಕ್ರಮ ಬದಲಾಯಿತು. ಈಗ ಗಿರಾಕಿ ಬರೆದು ತಂದ ಸಾಲಿಗಿಂತ ಅವರು ಆಡುವ ಮಾತಿಗೆ ಜಾಸ್ತಿ ಗಮನ ಕೊಡುತ್ತೇನೆ. ಬರೆಯುವಾಗ ಎಲ್ಲರಿಗೂ ಶಾಲೆಯ ಪ್ರಬಂಧ ನೆನಪಾಗುತ್ತದೆ. ಮಾತಾಡುವಾಗ, ಅದರಲ್ಲೂ ಸ್ವಲ್ಪ ಅಡ್ಡ ಪ್ರಶ್ನೆ ಕೇಳಿದಾಗ, ನಿಜವಾದ ಪದ ಬರುತ್ತದೆ. ಅರ್ಧ ಗಂಟೆಯ ಮಾತನ್ನು ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಕೇಳುವಾಗ ಎಲ್ಲಿ ನಿಮಗೆ ನಗು ಬಂತು, ಎಲ್ಲಿ ಅವರು ಸಿಟ್ಟಾದರು, ಆ ಜಾಗದ ಮಾತನ್ನು ಹಾಗೆಯೇ ಬರೆದುಕೊಳ್ಳಿ. ಅವರ ಪದದಲ್ಲೇ.

ಈ ಸಾಲು ಯಾಕೆ ನಿಂತಿತು? ಹತ್ತು ಚೀಟಿಯಲ್ಲಿ ಒಂದೂ ಇದರಲ್ಲಿ ನೇರವಾಗಿ ಇಲ್ಲ. ಬಿಸಿಲು ಎಂಬ ಪದವೇ ಇಲ್ಲ. ಆದರೆ ಕೇಳಿದವರು "ಯಾಕೆ ರಜೆ?" ಎಂದು ತಾವೇ ಕೇಳಿಕೊಳ್ಳುತ್ತಾರೆ. ಮಳೆಯಲ್ಲಿ ಕೊಪ್ಪರ ಒಣಗುವುದಿಲ್ಲವಲ್ಲ ಎಂದು ತಾವೇ ಉತ್ತರ ಕೊಡುತ್ತಾರೆ. ಈ ಊರಿನಲ್ಲಿ ಕಾಯಿ ಒಣಗಿಸಿ ಗೊತ್ತಿಲ್ಲದ ಮನೆ ಕಡಿಮೆ. ಇನ್ನು ರಜೆ ಎಂಬ ಪದ! ಜೋರು ಮಳೆ ಬಂದರೆ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟರಾ ಎಂದು ರಾತ್ರಿಯೇ ಫೋನು ನೋಡುತ್ತಾ ಕೂರುವ ಮಕ್ಕಳು ಪ್ರತಿ ಮನೆಯಲ್ಲೂ ಇದ್ದಾರೆ. ಮಳೆ ಮತ್ತು ರಜೆ ಇಲ್ಲಿ ಮೊದಲೇ ಜೋಡಿಯಾಗಿರುವ ಪದಗಳು. ನಾವು ನಡುವೆ ಗಾಣವನ್ನು ತುರುಕಿದೆವು ಅಷ್ಟೆ.

ಪಕ್ಕದ ಬಾಟ್ಲಿಯ ಪರೀಕ್ಷೆಗೂ ಇದು ತಡೆಯುತ್ತದೆ. ವರ್ಷವಿಡೀ ಎಣ್ಣೆ ತೆಗೆಯುವವರು ಈ ಮಾತನ್ನು ಎರವಲು ಪಡೆಯಲು ಆಗುವುದಿಲ್ಲ. ಮಾರಾಟಗಾರ ತನಗೆ ನಷ್ಟವಾಗುವ ಸಂಗತಿ ಹೇಳಿದರೆ ಜನ ನಂಬುತ್ತಾರೆ ಎಂಬುದೂ ಸೇರಿತು.

ಎಲ್ಲಿಗೆ ನಿಲ್ಲಿಸುವುದು

ಬಿಗಿ ಮಾಡುವ ಚಟ ಹಿಡಿದರೆ ಕೈ ನಿಲ್ಲುವುದಿಲ್ಲ. ನಾನೂ ಮುಂದುವರಿಸಿದೆ. "ಮಳೆಗೆ ಗಾಣಕ್ಕೆ ರಜೆ" ಎಂದರೆ ಎಂಟು ಅಕ್ಷರ. ಒಂದು ಕಡಿಮೆಯಾಯಿತು, ಆದರೆ ಗೆ, ಕ್ಕೆ ಎಂದು ಎರಡು ಸಲ ಅದೇ ವಿಭಕ್ತಿ. ರಜೆ ಯಾರಿಗೆ, ಮಳೆಗಾ ಗಾಣಕ್ಕಾ ಎಂದು ಒಂದು ಕ್ಷಣ ತಡವರಿಸಬೇಕು. ಮಳೆಗಾಲ ಹೋಗಿ ಮಳೆ ಬಂದದ್ದರಿಂದ ಒಂದು ದಿನದ ಮಳೆಗೂ ರಜೆ ಎಂಬ ಅರ್ಥ ಬಂತು. "ಮಳೆಗೆ ರಜೆ" ಎಂದರೆ ಐದೇ ಅಕ್ಷರ. ಅದು ಶಾಲೆಯ ನೋಟೀಸು.

ಹಾಗಾಗಿ ನನ್ನ ನಿಯಮ: ಪ್ರತಿ ಸಲ ಏನನ್ನಾದರೂ ಕತ್ತರಿಸಿದಾಗ ಹೊಸದಾಗಿ ಒಬ್ಬರಿಗೆ ಸಾಲು ಹೇಳಿ, "ಇದು ಯಾವುದರ ಬಗ್ಗೆ?" ಎಂದು ಮಾತ್ರ ಕೇಳಿ. ಅವರು ಯೋಚಿಸಲು ಶುರು ಮಾಡಿದರೆ ಹಿಂದಿನ ರೂಪಕ್ಕೆ ವಾಪಸು ಹೋಗಿ. ಅದೇ ನಿಮ್ಮ ಗಡಿ.

ಮೂರು ಪರೀಕ್ಷೆ, ಮತ್ತು ನನ್ನದೊಂದು ಹಳೆ ಪೆಟ್ಟು

ಬೆಳಿಗ್ಗೆ ಹತ್ತು ಜನರಿಗೆ ಸಾಲು ಒಮ್ಮೆ ಹೇಳಿ. ಬರೆದು ತೋರಿಸಬೇಡಿ. ಮರುದಿನ ಫೋನು ಮಾಡಿ ಏನು ಹೇಳಿದ್ದೆ ಎಂದು ಕೇಳಿ. ಸರಿ ಹೇಳಿದವರ ಲೆಕ್ಕ ಮುಖ್ಯ, ತಪ್ಪು ಹೇಳಿದವರ ಮಾತು ಇನ್ನೂ ಮುಖ್ಯ. ನಾಲ್ಕು ಜನ ಒಂದೇ ರೀತಿ ತಪ್ಪು ಹೇಳಿದರೆ ಅವರ ತಪ್ಪೇ ಸರಿ, ನಿಮ್ಮ ಸಾಲನ್ನು ಹಾಗೆ ತಿದ್ದಿಕೊಳ್ಳಿ. ನಮ್ಮದರಲ್ಲಿ ಏಳು ಜನ ಹೇಳಿದ ಹಾಗೆಯೇ ಹೇಳಿದರು. ಒಬ್ಬರು "ಮಳೆಗಾಲ ಗಾಣ ರಜೆ" ಎಂದರು. ಇಬ್ಬರಿಗೆ ನೆನಪಿರಲಿಲ್ಲ.

ಎರಡನೆಯದು ಕಣ್ಣಿನದು. ಲೇಬಲ್ಲಿನ ನಿಜವಾದ ಅಳತೆಯಲ್ಲಿ ಮುದ್ರಿಸಿ, ಬಾಟ್ಲಿಗೆ ಸುತ್ತಿ, ಮೂರು ಹೆಜ್ಜೆ ದೂರದಿಂದ ಓದಿಸಿ. ಕಂಪ್ಯೂಟರಿನ ಪರದೆಯಲ್ಲಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಸಣ್ಣ ಗಾತ್ರದಲ್ಲಿ ಅದಕ್ಕೆ ಮಸಿ ತುಂಬಿ ಚುಕ್ಕೆಯ ಹಾಗೆ ಕಾಣುತ್ತದೆ, ಅಥವಾ ಕೆಳಗಿನ ಸಾಲಿಗೆ ತಾಗುತ್ತದೆ. ಬಾಟ್ಲಿ ದುಂಡಗಿರುವುದರಿಂದ ಸಾಲು ಉದ್ದವಾದರೆ ಎರಡು ತುದಿ ಬೆನ್ನಿನ ಕಡೆಗೆ ತಿರುಗಿರುತ್ತದೆ. ನಮ್ಮ ಸಾಲಿನಲ್ಲಿ ಒತ್ತು ಇರುವುದು ಕ್ಕೆ ಒಂದೇ, ಒಂದೇ ನೋಟಕ್ಕೆ ಪೂರ್ತಿ ಸಿಗುತ್ತದೆ.

ಮೂರನೆಯದು ಅಜ್ಜಿ ಪರೀಕ್ಷೆ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಕೆಲವು ವರ್ಷದ ಹಿಂದೆ ಅಡಿಕೆ ಹಾಳೆಯ ತಟ್ಟೆ ಮಾಡುವವರೊಬ್ಬರಿಗೆ ಅಡಿಬರಹ ಬರೆದುಕೊಟ್ಟಿದ್ದೆ. ತಟ್ಟೆ ಮಣ್ಣಿನಲ್ಲಿ ಕರಗುತ್ತದೆ ಎಂದು ಹೇಳಬೇಕಿತ್ತು. "ಉಂಡಾಯಿತು, ಮಣ್ಣಾಗಲಿ" ಎಂದು ಬರೆದೆ. ಎಂಟು ಅಕ್ಷರ, ಬಿಗಿಯಾಗಿದೆ ಎಂದು ನನಗೆ ಹೆಮ್ಮೆ. ಎರಡು ಸಾವಿರ ಹೊದಿಕೆ ಮುದ್ರಣವಾಗಿ ಮೊದಲ ಕಟ್ಟು ಒಂದು ಮದುವೆ ಮನೆಗೆ ಹೋಯಿತು. ಅಲ್ಲಿ ಅಜ್ಜಿ ಒಬ್ಬರು ಓದಿ, "ಮದುವೆ ಊಟದ ತಟ್ಟೆಯಲ್ಲಿ ಮಣ್ಣಾಗಲಿ ಎಂದು ಶಾಪ ಹಾಕಿದ್ದಾರಲ್ಲ!" ಎಂದರಂತೆ. ಹೊದಿಕೆಯೆಲ್ಲ ನನ್ನ ಖರ್ಚಿನಲ್ಲೇ ಮಣ್ಣಾಯಿತು. ಪದ ಕಡಿಮೆ ಆದಷ್ಟು ಉಳಿದ ಪದದ ಹಳೆಯ ಅರ್ಥಗಳೆಲ್ಲ ಎದ್ದು ನಿಲ್ಲುತ್ತವೆ. ಉದ್ದ ವಾಕ್ಯದಲ್ಲಿ ಸುತ್ತಲಿನ ಮಾತು ಅವುಗಳನ್ನು ಮುಚ್ಚಿಕೊಂಡಿರುತ್ತದೆ, ಎರಡು ಪದದ ಸಾಲಿನಲ್ಲಿ ಮುಚ್ಚಲು ಯಾರೂ ಇಲ್ಲ. ಅದಕ್ಕೇ ಅರುವತ್ತು ದಾಟಿದ ಒಬ್ಬರಿಗೆ ಸಾಲು ಓದಿ ಹೇಳದೆ ಈಗ ಮುದ್ರಣಕ್ಕೆ ಕೊಡುವುದಿಲ್ಲ.

ಇದೆಲ್ಲ ಮುಗಿದ ಮೇಲೆ, ದೊಡ್ಡದಾಗಿ ಮುದ್ರಿಸುವ ಮೊದಲು, ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಅದೇ ಸಾಲು ಬೇರೆಯವರ ಹೆಸರಿನಲ್ಲಿ ಉಂಟಾ ಎಂದು ಹುಡುಕಿ. ಹುಡುಕಲು ದುಡ್ಡು ಬೇಡ. ತಿನ್ನುವ ಎಣ್ಣೆ 29ನೇ ವರ್ಗದಲ್ಲಿ ಬರುತ್ತದೆ. "ಒಳ್ಳೆಯ ತೆಂಗಿನೆಣ್ಣೆ" ಎಂಬಂತೆ ವಸ್ತುವನ್ನು ಸುಮ್ನೆ ವರ್ಣಿಸುವ ಸಾಲುಗಳಿಗೆ ನೋಂದಣಿ ಸಿಗುವುದು ಕಷ್ಟ.

ಎರಡು ಭಾಷೆಯ ಊರಿನಲ್ಲಿ

ನಮ್ಮ ಅಂಗಡಿಗಳಲ್ಲಿ ಲೇಬಲ್ಲಿನ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ತುಳುವಿನವರಿಗೆ ಗಾಣವೂ ಗೊತ್ತು, ರಜೆಯೂ ಗೊತ್ತು. ಮಲಯಾಳಕ್ಕೆ ಮಾತ್ರ ಬೇರೆ ಕೆಲಸ. ಕನ್ನಡದ ಸಾಲನ್ನು ಕೈಗೆ ಕೊಟ್ಟು ಅನುವಾದ ಮಾಡಿ ಎನ್ನಬೇಡಿ. ಮಲಯಾಳ ಮನೆಮಾತಿನ ಒಬ್ಬರಿಗೆ ಭಾವನ ಕತೆಯನ್ನೇ ಹೇಳಿ, ನೀವಾದರೆ ಹೇಗೆ ಹೇಳುತ್ತೀರಿ ಎಂದು ಕೇಳಿ. ನಾವು ಕೇಳಿದ ಗೆಳೆಯ ಹೇಳಿದ್ದು "ಮಳಕ್ಕಾಲಂ ಚಕ್ಕಿನ್ ಅವಧಿ". ನಮ್ಮ ಗಾಲ-ಗಾಣ ಹೋಯಿತು, ಆದರೆ ಕ್ಕಾ-ಕ್ಕಿ ಎಂಬ ಇನ್ನೊಂದು ಜೋಡಿ ಸಿಕ್ಕಿತು. ಅವಧಿ ಎಂದರೆ ಅವರಲ್ಲಿ ರಜೆ. ಕನ್ನಡದವರು ಅದನ್ನು ಓದಿದರೆ ಬೇರೆ ಏನೋ ತಿಳಿದುಕೊಂಡಾರು, ಆದರೆ ಆ ಬದಿ ಅವರಿಗಲ್ಲ.

ಉಳಿದ ಚೀಟಿಗಳು

ಸಾಲಿಗೆ ಬಾರದ ಚೀಟಿಗಳಲ್ಲಿ ನಿಜವಾದವು ಕಸದ ಬುಟ್ಟಿಗೆ ಹೋಗಬೇಕಾಗಿಲ್ಲ. ಅವಕ್ಕೆ ಬೆನ್ನಿನ ಲೇಬಲ್ ಉಂಟು. ನಾವು ಅಲ್ಲಿ ಮೂರೇ ಸಾಲು ಹಾಕಿದೆವು: "ಕೊಪ್ಪರ ಒಣಗುವುದು ಬಿಸಿಲಿಗೆ. ಎಣ್ಣೆ ಇಳಿಯುವುದು ಮರದ ಗಾಣದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಣ ತಿರುಗುವುದಿಲ್ಲ." ಮುಂಬದಿಯ ಸಾಲು ಎಬ್ಬಿಸಿದ "ಯಾಕೆ?" ಎಂಬ ಪ್ರಶ್ನೆಗೆ ಬಾಟ್ಲಿ ತಿರುಗಿಸಿದರೆ ಉತ್ತರ.

ಭಾವನಿಗೆ ಇನ್ನೂ ಪೂರ್ತಿ ಮನಸ್ಸಿರಲಿಲ್ಲ. ರಜೆ ಎಂದರೆ ಸೋಮಾರಿ ಎಂದುಕೊಂಡಾರು ಎಂಬ ಭಯ. ಮಾದರಿ ಲೇಬಲ್ ಮನೆಗೆ ಒಯ್ದು ಎರಡು ದಿನ ಇಟ್ಟುಕೊಂಡು ವಾಪಸು ತಂದರು. ಮಳೆಗಾಲ ಎಂಬುದರ ಮೊದಲು ಪೆನ್ನಿನಲ್ಲಿ ಸಣ್ಣದಾಗಿ "ಶುದ್ಧ" ಎಂದು ಸೇರಿಸಿದ್ದರು.

"ಶುದ್ಧ ಮಳೆಗಾಲವಾ ಭಾವ?" ಎಂದು ಕೇಳಿದೆ.

ಪೆನ್ನು ತೆಗೆದುಕೊಂಡು ಅವರೇ ಹೊಡೆದುಹಾಕಿದರು.